ಹತ್ತು ಲಾಟ್ ಪಾಸಾದರೂ ಟಿನ್ ಸೋರುತ್ತಿದ್ದರೆ: ತಪ್ಪು ಯೋಜನೆಯದೋ, ಮಾದರಿ ತೆಗೆದವರದೋ, ಪರೀಕ್ಷೆಯದೋ?

ಕಾರ್ಕಳದ ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ತಿರುಳನ್ನು ಚೌಕದ ತಗಡಿನ ಟಿನ್‌ಗಳಲ್ಲಿ ತುಂಬುವ ಪದ್ಧತಿ ಹಳೆಯದು. ಒಂದು ಟಿನ್‌ಗೆ 25 ಪೌಂಡ್, ಅಂದರೆ 11.34 ಕಿಲೋ. ತುಂಬಿದ ಮೇಲೆ ಒಳಗಿನ ಗಾಳಿಯನ್ನು ಎಳೆದು ಇಂಗಾಲದ ಡೈಆಕ್ಸೈಡ್ ಬಿಟ್ಟು, ತುಂಬುವ ಬಾಯನ್ನು ಬೆಸುಗೆ ಹಾಕಿ ಮುಚ್ಚುತ್ತಾರೆ. ಟಿನ್ ಎಲ್ಲಾದರೂ ಸೋರಿದರೆ ತೇವವೂ ಹುಳುವೂ ಒಳಗೆ ಸೇರುತ್ತವೆ. ಆದ್ದರಿಂದ ಖಾಲಿ ಟಿನ್ ಬಂದಾಗಲೇ ಕೆಲವನ್ನು ತೆಗೆದು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಕೊಟ್ಟು, ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಾರೆ.

ಈ ಬರಹ ಹಿಡಿದಿರುವ ದೋಷ ಹೀಗಿದೆ: ಒಳಬರುವ ತಪಾಸಣೆಯಲ್ಲಿ ಲಾಟ್‌ಗಳೆಲ್ಲ ಪಾಸಾಗುತ್ತಿವೆ, ಆದರೆ ತುಂಬಿದ ಮೇಲೆ ಸೋರುವ ಟಿನ್‌ಗಳು ಸಿಗುತ್ತಲೇ ಇವೆ. ಪೂರೈಕೆದಾರರು "ನಿಮ್ಮ ತಪಾಸಣೆಯಲ್ಲಿ ಪಾಸಾಗಿದೆಯಲ್ಲ" ಎನ್ನುತ್ತಾರೆ. ಗೋದಾಮಿನವರು "ಪಟ್ಟಿಯಲ್ಲಿ ಇದ್ದಷ್ಟೇ ತೆಗೆದು ನೋಡಿದ್ದೇವೆ" ಎನ್ನುತ್ತಾರೆ. ಇಬ್ಬರ ಮಾತೂ ನಿಜವಾಗಿರಬಹುದು. ಯಾರನ್ನು ಹಿಡಿದು ಕೇಳಬೇಕು ಎಂಬುದನ್ನು, ಎಷ್ಟು ಕೆಟ್ಟ ಲಾಟ್ ಎಷ್ಟು ಸಲ ಪಾಸಾಗುತ್ತದೆ ಎಂದು ತೋರಿಸುವ ಓಸಿ ವಕ್ರರೇಖೆಯಿಂದ ಬಹುಮಟ್ಟಿಗೆ ಹೇಳಬಹುದು.

ಉದಾಹರಣೆಯ ಲೆಕ್ಕ

ಮುಂದೆ ಬಳಸುವ ಅಂಕಿಗಳು ಉದಾಹರಣೆಗಾಗಿ ಹಿಡಿದವು. ಪ್ರತಿ ಲಾಟ್‌ನಲ್ಲಿ 1000 ಟಿನ್. ತಪಾಸಣೆ ಮಾದರಿ ತೆಗೆಯುವ ಭಾರತೀಯ ಮಾನಕವಾದ ಐಎಸ್ 2500 ಭಾಗ 1ರ ಪ್ರಕಾರ, ಸಾಮಾನ್ಯ ಮಟ್ಟ 2, ಒಪ್ಪಬಹುದಾದ ದೋಷದ ಮಟ್ಟ ಎಂದರೆ ಎಕ್ಯೂಎಲ್ ಶೇ. 1. ಲಾಟ್ ಗಾತ್ರ 501ರಿಂದ 1200ರ ನಡುವೆ ಇರುವುದರಿಂದ ಸಂಕೇತಾಕ್ಷರ ಜೆ ಬರುತ್ತದೆ: 80 ಟಿನ್ ತೆಗೆಯಬೇಕು, ಅದರಲ್ಲಿ ಸೋರುವುದು 2 ಅಥವಾ ಕಡಿಮೆ ಇದ್ದರೆ ಲಾಟ್ ಒಳಗೆ, 3 ಸಿಕ್ಕಿದರೆ ವಾಪಸ್.

ಮೂರು ತಿಂಗಳಲ್ಲಿ ಹತ್ತು ಲಾಟ್ ಬಂದಿವೆ, ಹತ್ತೂ ಪಾಸಾಗಿವೆ. ತಪಾಸಣೆ ಹಾಳೆಗಳನ್ನು ಕೂಡಿಸಿದರೆ 800 ಟಿನ್‌ಗಳಲ್ಲಿ 7 ಸೋರಿವೆ. ಅದೇ 10,000 ಟಿನ್ ತುಂಬಿದ ಮೇಲೆ ಸೋರಿದ್ದು 300. ಅಂದರೆ ಶೇ. 3.

ಮೊದಲು ನಮ್ಮ ಬೆಸುಗೆಯನ್ನು ಬೇರೆ ಮಾಡಿ

ಆ 300 ಟಿನ್‌ಗಳೂ ಪೂರೈಕೆದಾರರ ತಪ್ಪು ಎಂದುಕೊಂಡು ಲೆಕ್ಕ ಶುರುಮಾಡುವುದು ಈ ಕೆಲಸದಲ್ಲಿ ಎಲ್ಲರೂ ಎಡವುವ ಜಾಗ. ಖಾಲಿ ಟಿನ್ ಬಂದಾಗ ಇಲ್ಲದ ಒಂದು ಜೋಡಣೆ ತುಂಬಿದ ಟಿನ್‌ನಲ್ಲಿ ಇರುತ್ತದೆ. ಅದು ನಾವೇ ಹಾಕಿದ ಬಾಯಿಯ ಬೆಸುಗೆ. ಅದು ಸೋರಿದರೆ ಒಳಬರುವ ತಪಾಸಣೆಯಲ್ಲಿ ಕಾಣುವ ಮಾತೇ ಇಲ್ಲ.

ಸೋರುವ ಟಿನ್ ಬೇರೆಯಾಗಿ ಕಾಣುತ್ತದೆ. ಗಟ್ಟಿ ಟಿನ್‌ನಲ್ಲಿ ತಿರುಳು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತಾ ಹೋಗುವುದರಿಂದ ಬದಿಗಳು ಒಳಕ್ಕೆ ಎಳೆದುಕೊಳ್ಳುತ್ತವೆ. ಸೋರುವುದು ಚಪ್ಪಟೆಯಾಗಿಯೇ ಉಳಿಯುತ್ತದೆ. ಅಂಥ ಟಿನ್‌ಗಳ ತಿರುಳನ್ನು ಬೇರೆ ಟಿನ್‌ಗೆ ವರ್ಗಾಯಿಸಿ, ಖಾಲಿಯಾದದ್ದನ್ನು ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ಬರೆಯಬೇಕು. ಬಾಯಿಯ ಬೆಸುಗೆ, ಬದಿಯ ಜೋಡಣೆ, ತಳದ ಜೋಡಣೆ, ಮೂಲೆ: ಈ ನಾಲ್ಕು ಕಾಲಂ ಸಾಕು. ಬೇರೆ ಟಿನ್‌ಗೆ ವರ್ಗಾಯಿಸಲು ಬಾಯಿ ತೆರೆಯಲೇಬೇಕಾದ್ದರಿಂದ, ತೆರೆಯುವ ಮೊದಲೇ ಆ ಭಾಗಕ್ಕೆ ಸಾಬೂನು ನೀರು ಹಚ್ಚಿ, ಬದಿಯನ್ನು ಮೆಲ್ಲಗೆ ಒತ್ತಿ ನೋಡಿಕೊಳ್ಳುವುದು ಒಳ್ಳೆಯದು. ತೆರೆದ ಮೇಲೆ ಆ ಬೆಸುಗೆಯ ಸಾಕ್ಷ್ಯ ಹೋಯಿತು.

ನಮ್ಮ ಉದಾಹರಣೆಯಲ್ಲಿ 300ರಲ್ಲಿ 60 ಬಾಯಿಯ ಬೆಸುಗೆಯವು. ಉಳಿದ 240 ಖಾಲಿ ಟಿನ್ ತರುವಾಗಲೇ ಇದ್ದ ಜೋಡಣೆಗಳಲ್ಲಿ ಸೋರಿದವು. ಹಾಗಾಗಿ ತಪಾಸಣೆಗೆ ಸಿಗಬೇಕಾಗಿದ್ದ ದೋಷದ ಪ್ರಮಾಣ ಶೇ. 3 ಅಲ್ಲ, ಶೇ. 2.4.

ಓಸಿ ವಕ್ರರೇಖೆ ಏನು ಹೇಳುತ್ತದೆ

ಓಸಿ ವಕ್ರರೇಖೆ ಎಂದರೆ ಒಂದು ತಪಾಸಣಾ ಯೋಜನೆಯ ಜಾತಕ. ಅಡ್ಡಗೆರೆಯಲ್ಲಿ ಲಾಟ್‌ನ ನಿಜವಾದ ದೋಷದ ಪ್ರಮಾಣ, ಲಂಬಗೆರೆಯಲ್ಲಿ ಅಂಥ ಲಾಟ್ ಪಾಸಾಗುವ ಸಂಭವನೀಯತೆ. ತೆಗೆಯುವ ಮಾದರಿಯ ಸಂಖ್ಯೆ `n`, ಪಾಸ್ ಮಾಡಲು ಬಿಡುವ ದೋಷಗಳ ಸಂಖ್ಯೆ `c`, ಲಾಟ್‌ನ ದೋಷದ ಪ್ರಮಾಣ `p` ಎಂದಿಟ್ಟುಕೊಂಡರೆ ಎಕ್ಸೆಲ್‌ನ ಒಂದು ಕೋಶದಲ್ಲಿ ಇದು ಸಿಗುತ್ತದೆ:

```
=BINOM.DIST(2, 80, 0.024, TRUE)
```

ಪೈಥಾನ್ ಬಳಸುವವರಿಗೆ:

```python
from math import comb
def pa(n, c, p):
    return sum(comb(n, k) * p**k * (1-p)**(n-k)
               for k in range(c + 1))
print(round(pa(80, 2, 0.024), 2))
```

ಎರಡೂ ಕಡೆ 0.70 ಬರುತ್ತದೆ. 1000 ಟಿನ್‌ನ ಲಾಟ್‌ನಿಂದ ವಾಪಸ್ ಹಾಕದೆ 80 ತೆಗೆಯುವುದರಿಂದ ಕಟ್ಟುನಿಟ್ಟಾಗಿ ಬಳಸಬೇಕಾದದ್ದು `HYPGEOM.DIST`. ಆದರೆ ಲಾಟ್‌ನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ತೆಗೆಯುವಾಗ ವ್ಯತ್ಯಾಸ ಒಂದೆರಡು ಅಂಕಿ ಮಾತ್ರ, ದೋಷ ಹುಡುಕುವ ಕೆಲಸಕ್ಕೆ ಅದು ಅಡ್ಡಿಯಾಗದು.

80 ತೆಗೆದು 2 ಬಿಡುವ ಯೋಜನೆಯ ಇಡೀ ರೇಖೆಯನ್ನು ಕೆಲವೇ ಬಿಂದುಗಳಲ್ಲಿ ನೋಡಿದರೆ ಹೀಗಿದೆ:

| ಲಾಟ್‌ನಲ್ಲಿ ಸೋರುವ ಟಿನ್ | ಪಾಸಾಗುವ ಸಂಭವ |
|---|---|
| ಶೇ. 1 | ಶೇ. 95 |
| ಶೇ. 2 | ಶೇ. 78 |
| ಶೇ. 3 | ಶೇ. 57 |
| ಶೇ. 5 | ಶೇ. 23 |
| ಶೇ. 6.5 | ಶೇ. 10 |

ಇಲ್ಲಿ ಹೆಚ್ಚಿನವರಿಗೆ ಆಶ್ಚರ್ಯವಾಗುತ್ತದೆ. ಎಕ್ಯೂಎಲ್ ಶೇ. 1 ಎಂದು ಬರೆದರೆ ಶೇ. 1ಕ್ಕಿಂತ ಕೆಟ್ಟ ಲಾಟ್ ಒಳಗೆ ಬರುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿ ಕೂತಿರುತ್ತದೆ. ಎಕ್ಯೂಎಲ್ ಮುಖ್ಯವಾಗಿ ಕಾಯುವುದು ಪೂರೈಕೆದಾರರನ್ನು: ಶೇ. 1 ಮಟ್ಟದ ಸರಕು ಕೊಡುವವರ ನೂರು ಲಾಟ್‌ಗಳಲ್ಲಿ ಸುಮಾರು 95 ಪಾಸಾಗುತ್ತವೆ ಎಂಬ ಭರವಸೆ ಅದು. ಕೊಳ್ಳುವವರಿಗೆ ಸಿಗುವ ರಕ್ಷಣೆಯನ್ನು ರೇಖೆಯ ಕೆಳತುದಿಯಲ್ಲಿ ನೋಡಬೇಕು. ಈ ಯೋಜನೆಯಲ್ಲಿ ಲಾಟ್ ಶೇ. 6.5ರಷ್ಟು ಕೆಟ್ಟಿದ್ದಾಗ ಮಾತ್ರ ಹತ್ತರಲ್ಲಿ ಒಂಬತ್ತು ಸಲ ಹಿಡಿಯುತ್ತೇವೆ.

ಹಾಗಾದರೆ ತಪ್ಪು ಯೋಜನೆಯದೇ?

ಶೇ. 2.4 ದೋಷದ ಲಾಟ್ ಪಾಸಾಗುವ ಸಂಭವ ಶೇ. 70. ಇದನ್ನು ನೋಡಿದೊಡನೆ "ಯೋಜನೆಯೇ ಸಡಿಲ, ಬದಲಾಯಿಸೋಣ" ಎಂದು ತೀರ್ಮಾನಿಸುವುದು ಅವಸರ. ಯೋಜನೆ ಸಡಿಲವಾಗಿದ್ದರೂ ಹತ್ತರಲ್ಲಿ ಏಳು ಪಾಸಾಗಬೇಕಿತ್ತು, ಮೂರು ವಾಪಸ್ ಹೋಗಬೇಕಿತ್ತು. ಹತ್ತಕ್ಕೆ ಹತ್ತೂ ಪಾಸಾಗುವ ಸಂಭವ 0.70ರ ಹತ್ತನೇ ಘಾತ, ಸುಮಾರು ಶೇ. 3.

ಅನುಮಾನ ಬರಲು ಇಷ್ಟು ಸಾಕು, ಆದರೆ ಪಾಸ್–ಫೇಲ್ ಎಣಿಕೆಗಿಂತ ಬಲವಾದ ಸಾಕ್ಷ್ಯ ಅದೇ ಹಾಳೆಗಳಲ್ಲಿದೆ. 800 ಟಿನ್‌ಗಳಲ್ಲಿ ಶೇ. 2.4 ಎಂದರೆ ಸುಮಾರು 19 ಸೋರುವ ಟಿನ್ ಸಿಗಬೇಕಿತ್ತು, ಸಿಕ್ಕಿದ್ದು 7. ಸರಿಯಾಗಿ ಮಾದರಿ ತೆಗೆದು ಸರಿಯಾಗಿ ಪರೀಕ್ಷಿಸಿದ್ದರೆ 7 ಅಥವಾ ಅದಕ್ಕಿಂತ ಕಡಿಮೆ ಸಿಗುವ ಸಂಭವ ಸಾವಿರಕ್ಕೆ ಒಂದೆರಡು ಮಾತ್ರ. ಅದೃಷ್ಟದ ಮೇಲೆ ಹಾಕಿ ಬಿಡುವಂಥದ್ದಲ್ಲ.

ಈ ಹೋಲಿಕೆಯನ್ನು ಬೇರೇನೂ ಮಾಡುವ ಮೊದಲೇ ಮಾಡಬೇಕು. ಮಾದರಿಯಲ್ಲಿ ಸಿಕ್ಕ ದೋಷದ ಪ್ರಮಾಣವೂ ಟಿನ್ ತುಂಬುವ ಸಾಲಿನಲ್ಲಿ ಸಿಕ್ಕ ಪ್ರಮಾಣವೂ ಹತ್ತಿರ ಹತ್ತಿರ ಇದ್ದರೆ ತಪಾಸಣೆ ಸರಿಯಾಗಿಯೇ ನಡೆಯುತ್ತಿದೆ, ಯೋಜನೆಯನ್ನು ಬದಲಿಸಬೇಕು. ಇಲ್ಲಿಯಂತೆ ಮಾದರಿಯಲ್ಲಿ ತೀರಾ ಕಡಿಮೆ ಇದ್ದರೆ ಯೋಜನೆ ಬದಲಿಸಿ ಪ್ರಯೋಜನವಿಲ್ಲ. ಏಕೆಂದರೆ ರೇಖೆಯ ಹಿಂದಿನ ಲೆಕ್ಕ ಎರಡು ಷರತ್ತುಗಳ ಮೇಲೆ ನಿಂತಿದೆ: ಪ್ರತಿ ಟಿನ್‌ಗೂ ಆಯ್ಕೆಯಾಗುವ ಅವಕಾಶ ಒಂದೇ ಆಗಿರಬೇಕು, ಆಯ್ಕೆಯಾದ ಸೋರುವ ಟಿನ್ ಪರೀಕ್ಷೆಯಲ್ಲಿ ಖಂಡಿತ ಸಿಕ್ಕಿಬೀಳಬೇಕು. ಎರಡರಲ್ಲಿ ಒಂದು ಮುರಿದಿದೆ. ಇಲ್ಲವಾದರೆ ಟಿನ್ ಒಳಬಂದ ಮೇಲೆ ಗೋದಾಮಿನಲ್ಲಿ ಹಾಳಾಗಿದೆ. ಮೂಲೆ ಜಜ್ಜಿದ ಗುರುತು ಇದೆಯೋ ಅಥವಾ ಜೋಡಣೆಯೇ ಅರ್ಧ ಮಡಚಿಕೊಂಡಿದೆಯೋ ಎಂದು ನೋಡಿದರೆ ಕೊನೆಯ ಸಾಧ್ಯತೆ ಬೇಗ ತೀರುತ್ತದೆ. ನಮ್ಮ ಉದಾಹರಣೆಯಲ್ಲಿ ಜಜ್ಜಿದ ಗುರುತು ಇಲ್ಲ ಎಂದಿಟ್ಟುಕೊಳ್ಳೋಣ.

ಪರೀಕ್ಷೆ ದೋಷವನ್ನು ಹಿಡಿಯುತ್ತಿದೆಯೇ?

ಇದನ್ನು ಮೊದಲು ನೋಡುವುದು ಸುಲಭ, ಅರ್ಧ ದಿನದ ಕೆಲಸ. ಸೋರುತ್ತವೆ ಎಂದು ಖಚಿತವಾಗಿ ಗೊತ್ತಿರುವ 10 ಟಿನ್‌ಗಳ ತಳದಲ್ಲಿ ಸಣ್ಣ ಗುರುತು ಹಾಕಿ, 70 ಒಳ್ಳೆಯ ಟಿನ್‌ಗಳ ನಡುವೆ ಸೇರಿಸಿ, ಎಂದಿನಂತೆ ಪರೀಕ್ಷೆಗೆ ಕೊಡಿ. ಪರೀಕ್ಷಿಸುವವರಿಗೆ ಎಷ್ಟು ಸೇರಿಸಿದ್ದೇವೆ ಎಂದು ಗೊತ್ತಿರಬಾರದು. ದೊಡ್ಡದಾಗಿ ಸೋರುವುದನ್ನೇ ಆರಿಸಬೇಡಿ, ಸಾಲಿನಲ್ಲಿ ಸಿಕ್ಕಂಥ ಸಣ್ಣ ಸೋರಿಕೆಗಳೂ ಇರಲಿ.

10ರಲ್ಲಿ 7 ಮಾತ್ರ ಸಿಕ್ಕಿದರೆ ಏನಾಗುತ್ತದೆ ಎಂದು ರೇಖೆಯಲ್ಲೇ ಓದಬಹುದು. ನಿಜಕ್ಕೂ ಶೇ. 5 ಕೆಟ್ಟಿರುವ ಲಾಟ್ ತೊಟ್ಟಿಯ ಕಣ್ಣಿಗೆ ಶೇ. 3.5ರಂತೆ ಕಾಣುತ್ತದೆ, ಪಾಸಾಗುವ ಸಂಭವ ಶೇ. 23ರಿಂದ 47ಕ್ಕೆ ಏರುತ್ತದೆ. ಯೋಜನೆಯ ಒಂದು ಅಂಕಿಯನ್ನೂ ಮುಟ್ಟದೆ ಕೆಟ್ಟ ಲಾಟ್ ನುಸುಳುವ ಸಂಭವ ಇಮ್ಮಡಿಯಾಯಿತು.

ಗುಳ್ಳೆ ಪರೀಕ್ಷೆ ತಪ್ಪುವುದಕ್ಕೆ ಕಾರಣಗಳು ಹೆಚ್ಚಿಲ್ಲ. ಮುಳುಗಿಸಿದ ತಕ್ಷಣ ಹೊರಮೈಗೆ ಅಂಟಿದ ಗಾಳಿಯೇ ಗುಳ್ಳೆಯಾಗಿ ಏಳುತ್ತದೆ. ಅದನ್ನು ಕೈಯಿಂದ ಒರೆಸಿ ಬಿಟ್ಟು, ನೀರು ನಿಂತ ಮೇಲೆ ಒಂದೇ ಜಾಗದಿಂದ ಮತ್ತೆ ಮತ್ತೆ ಏಳುವ ಗುಳ್ಳೆಯನ್ನು ಮಾತ್ರ ಎಣಿಸಬೇಕು. ಅವಸರದಲ್ಲಿ ಐದು ಸೆಕೆಂಡಿಗೆ ಎತ್ತಿಬಿಟ್ಟರೆ ಸಣ್ಣ ಸೋರಿಕೆ ತಪ್ಪಿಹೋಗುತ್ತದೆ. ತಳದ ಕಡೆ ನೋಡಲು ಟಿನ್ ತಿರುಗಿಸದೆ ಇರುವುದು ಇನ್ನೊಂದು ಕಾರಣ, ತಳದ ಗುಳ್ಳೆ ಕೆಳಮುಖವಾಗಿ ಸಿಕ್ಕಿಕೊಂಡು ಕಾಣದೆ ಹೋಗುತ್ತದೆ. ಮಳೆಗಾಲದಲ್ಲಿ ಅಂಗಳದ ತೊಟ್ಟಿಯ ನೀರು ಕದಡಿದ್ದರೆ ಅಂದು ಪರೀಕ್ಷೆ ಮಾಡದಿರುವುದೇ ಮೇಲು. ಗಾಳಿಯ ಒತ್ತಡ ಪೂರೈಕೆದಾರರ ಜೊತೆ ಒಪ್ಪಿ ಬರೆದಷ್ಟೇ ಇರಲಿ: ಚೌಕದ ಟಿನ್ ಹೆಚ್ಚು ಒತ್ತಡಕ್ಕೆ ಉಬ್ಬಿ, ಒಳ್ಳೆಯ ಜೋಡಣೆಯೂ ಬಾಯಿ ಬಿಡುತ್ತದೆ.

ನಮ್ಮ ಉದಾಹರಣೆಯಲ್ಲಿ 10ರಲ್ಲಿ 9 ಸಿಕ್ಕವು. 19 ಸಿಗಬೇಕಾದಲ್ಲಿ 17 ಸಿಗುತ್ತಿತ್ತು, 7 ಅಲ್ಲ. ಪರೀಕ್ಷೆ ಪೂರ್ತಿ ನಿರ್ದೋಷಿಯಲ್ಲ, ಆದರೆ ಮುಖ್ಯ ಕಾರಣವೂ ಅಲ್ಲ.

ಮಾದರಿ ಎಲ್ಲಿಂದ ತೆಗೆಯುತ್ತಿದ್ದಾರೆ?

1000 ಟಿನ್‌ಗಳು ಗೋದಾಮಿನಲ್ಲಿ ಐದು ಸ್ತರವಾಗಿ, ಸ್ತರಕ್ಕೆ 200ರಂತೆ ನಿಂತಿವೆ. 80 ಟಿನ್ ತನ್ನಿ ಎಂದರೆ ಯಾರಾದರೂ ಕೈಗೆ ಸಿಗುವ ಮೇಲಿನ ಎರಡು ಸ್ತರದಿಂದಲೇ ತರುತ್ತಾರೆ. ತಳದ್ದು ಬೇಕೆಂದರೆ ಮೇಲಿನ ನಾಲ್ಕನ್ನು ಇಳಿಸಬೇಕು, ಒಬ್ಬರೇ ಇದ್ದಾಗ ಅದು ಆಗದ ಕೆಲಸ. ಇದನ್ನು ಸೋಮಾರಿತನ ಎಂದು ಬೈದು ಮುಗಿಸಿದರೆ ಮುಂದಿನ ಲಾಟ್‌ಗೂ ಇದೇ ಆಗುತ್ತದೆ.

ಪತ್ತೆ ಮಾಡುವ ದಾರಿ: ಹನ್ನೊಂದನೆಯ ಲಾಟ್ ಇಳಿಸುವಾಗಲೇ ಪ್ರತಿ ಟಿನ್‌ನ ಬದಿಯಲ್ಲಿ ಅದರ ಸ್ತರದ ಅಂಕಿಯನ್ನು ಮಾರ್ಕರ್‌ನಿಂದ ಬರೆಯಿರಿ. ತುಂಬಿದ ಮೇಲೆ ಸೋರಿದವನ್ನು, ಬಾಯಿಯ ಬೆಸುಗೆಯವನ್ನು ಬಿಟ್ಟು, ಸ್ತರದ ಪ್ರಕಾರ ಎಣಿಸಿ. ಉದಾಹರಣೆಯಲ್ಲಿ ಮೇಲಿನಿಂದ ಕೆಳಕ್ಕೆ 2, 3, 4, 8, 9 ಬಂತು. ಒಟ್ಟು 26, ಅಂದರೆ ಶೇ. 2.6, ಹಿಂದಿನ ಲಾಟ್‌ಗಳ ಸರಾಸರಿಗೆ ಹತ್ತಿರವೇ ಇದೆ.

ಮೇಲಿನ ಎರಡು ಸ್ತರದ 400 ಟಿನ್‌ಗಳಲ್ಲಿ ಸೋರುವುದು 5 ಮಾತ್ರ, ಶೇ. 1.25. ಆ ಎರಡು ಸ್ತರಗಳಿಂದಲೇ 80 ತೆಗೆದರೆ, ಅಂದರೆ 400ರ ಐದನೇ ಒಂದು ಭಾಗ ತೆಗೆದರೆ, `HYPGEOM.DIST` ಪ್ರಕಾರ ಪಾಸಾಗುವ ಸಂಭವ ಶೇ. 94. ಹತ್ತು ಲಾಟ್‌ಗೂ ಇದೇ ನಡೆದಿದ್ದರೆ ಹತ್ತೂ ಪಾಸಾಗುವ ಸಂಭವ ಶೇ. 56ರ ಹತ್ತಿರ. 800 ಟಿನ್‌ಗಳಲ್ಲಿ ಸಿಗಬೇಕಾದದ್ದು 10, ಹತ್ತರಲ್ಲಿ ಒಂಬತ್ತನ್ನು ಹಿಡಿಯುವ ಪರೀಕ್ಷೆಯಲ್ಲಿ 9. ಸಿಕ್ಕಿದ್ದು 7. ಈಗ ಹಾಳೆಯ ಅಂಕಿಗಳೂ ಸಾಲಿನ ಅಂಕಿಗಳೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಗೋದಾಮಿನವರು ಸುಳ್ಳು ಹೇಳಿರಲಿಲ್ಲ. ಲಾಟ್‌ನ ಮೇಲಿನ ಎರಡು ಸ್ತರಗಳ ಬಗ್ಗೆ ನಿಜವನ್ನೇ ಬರೆದಿದ್ದರು.

ತಳದಲ್ಲಿ ಏಕೆ ಹೆಚ್ಚು? ಜಜ್ಜಿದ ಗುರುತು ಇಲ್ಲದಿದ್ದರೆ ಭಾರದ ಮೇಲೆ ಅನುಮಾನ ಕಡಿಮೆ. ಲಾರಿಗೆ ಮೊದಲು ಏರಿದ್ದು ಯಾವ ಪಾಳಿಯಲ್ಲಿ ತಯಾರಾದದ್ದು, ಇಳಿಸುವಾಗ ಅದು ಯಾವ ಸ್ತರಕ್ಕೆ ಹೋಯಿತು ಎಂದು ಪೂರೈಕೆದಾರರ ಜೊತೆ ಕೂತು ತಾಳೆ ಹಾಕಿದರೆ, ಜೋಡಣೆ ಮಡಚುವ ಯಂತ್ರದ ಹೊಂದಾಣಿಕೆ ಯಾವಾಗ ತಪ್ಪಿತ್ತು ಎಂದು ಹೊರಬರುತ್ತದೆ. ಯಂತ್ರದ ದೋಷ ಟಿನ್‌ಗಳ ಮೇಲೆ ಸಮನಾಗಿ ಹರಡುವುದು ಅಪರೂಪ, ಸಾಲುಸಾಲಾಗಿ ಬರುತ್ತದೆ. ಯಾದೃಚ್ಛಿಕ ಆಯ್ಕೆ ಬೇಕಾಗುವುದೇ ಈ ಕಾರಣಕ್ಕೆ.

ಸರಿಪಡಿಸುವ ಅತ್ಯಂತ ಅಗ್ಗದ ಕ್ರಮ: ಪೇರಿಸುವ ಮೊದಲೇ, ಲಾರಿಯಿಂದ ಇಳಿಯುತ್ತಿರುವಾಗಲೇ ಮಾದರಿ ಬೇರೆ ಮಾಡುವುದು. ಹಿಂದಿನ ದಿನ 1ರಿಂದ 1000ದ ಒಳಗಿನ 80 ಬೇರೆ ಬೇರೆ ಅಂಕಿಗಳ ಪಟ್ಟಿ ತಯಾರಿಸಿ ಏರಿಕೆಯ ಕ್ರಮದಲ್ಲಿ ಜೋಡಿಸಿಡಿ.

```python
import random
print(sorted(random.sample(range(1, 1001), 80)))
```

ಇಳಿಸುವಾಗ ಒಬ್ಬರು ಎಣಿಸುತ್ತಾ, ಪಟ್ಟಿಯಲ್ಲಿರುವ ಅಂಕಿ ಬಂದಾಗ ಆ ಟಿನ್ನನ್ನು ಪಕ್ಕಕ್ಕಿಡಲಿ. "ಪ್ರತಿ ಹನ್ನೆರಡನೆಯದು" ಎಂಬ ಸುಲಭದ ನಿಯಮ ಬೇಡ. ಟಿನ್‌ಗಳು ಹನ್ನೆರಡರ ಕಟ್ಟುಗಳಲ್ಲಿ ಬರುತ್ತಿದ್ದರೆ ಪ್ರತಿಸಲವೂ ಕಟ್ಟಿನ ಒಂದೇ ಮೂಲೆಯದು ಸಿಗುತ್ತದೆ.

ಈಗ ಯೋಜನೆಯ ಕಡೆಗೆ

ಮಾದರಿ ತೆಗೆಯುವುದು ಸರಿಯಾದ ಮೇಲೂ ಶೇ. 2.4 ದೋಷದ ಲಾಟ್ ಹತ್ತರಲ್ಲಿ ಏಳು ಸಲ ಪಾಸಾಗುತ್ತದೆ ಎಂಬುದು ಹಾಗೆಯೇ ಉಳಿಯುತ್ತದೆ. ಇದು ಸಾಲದು ಎನಿಸಿದರೆ ಎರಡು ದಾರಿಗಳಿವೆ.

ಒಂದು, ಐಎಸ್ 2500ರಲ್ಲೇ ಇರುವ, ಆದರೆ ಹೆಚ್ಚಿನ ಕಡೆ ಯಾರೂ ಮುಟ್ಟದ ಬದಲಾವಣೆಯ ನಿಯಮ. ಸತತ ಐದು ಅಥವಾ ಅದಕ್ಕಿಂತ ಕಡಿಮೆ ಲಾಟ್‌ಗಳಲ್ಲಿ ಎರಡು ವಾಪಸಾದರೆ ಬಿಗಿ ತಪಾಸಣೆಗೆ ಹೋಗಬೇಕು. ಜೆ ಅಕ್ಷರಕ್ಕೆ ಅಲ್ಲಿ ಮಾದರಿ 80 ಆಗಿಯೇ ಇದ್ದು, ಬಿಡುವ ಸಂಖ್ಯೆ 2ರಿಂದ 1ಕ್ಕಿಳಿಯುತ್ತದೆ. ಶೇ. 3ರ ಲಾಟ್ ಪಾಸಾಗುವ ಸಂಭವ 57ರಿಂದ 30ಕ್ಕೆ, ಶೇ. 5ರದ್ದು 23ರಿಂದ 9ಕ್ಕೆ ಬರುತ್ತದೆ. ಸತತ ಐದು ಪಾಸಾದರೆ ಮತ್ತೆ ಸಾಮಾನ್ಯಕ್ಕೆ. ಬಿಗಿ ತಪಾಸಣೆಯಲ್ಲಿ ವಾಪಸಾದವು ಐದು ಮುಟ್ಟಿದರೆ, ಪೂರೈಕೆದಾರರು ಸರಿಪಡಿಸುವವರೆಗೆ ಸ್ವೀಕಾರವನ್ನೇ ನಿಲ್ಲಿಸಬೇಕು. ಎಕ್ಯೂಎಲ್ ಪಟ್ಟಿಯ ಹಲ್ಲು ಇರುವುದು ಈ ನಿಯಮದಲ್ಲಿ. ಅದನ್ನು ಬಿಟ್ಟು 80 ಮತ್ತು 2 ಎಂಬ ಅಂಕಿಯನ್ನಷ್ಟೇ ಎತ್ತಿಕೊಂಡರೆ ಅರ್ಧ ಯೋಜನೆಯನ್ನು ನಡೆಸಿದಂತೆ.

ಎರಡು, ರೇಖೆಯ ಎರಡು ಬಿಂದುಗಳನ್ನು ನಾವೇ ನಿಶ್ಚಯಿಸಿ ಯೋಜನೆ ಕಟ್ಟುವುದು. ಶೇ. 1ರ ಲಾಟ್ ಕನಿಷ್ಠ ಶೇ. 95 ಸಲ ಪಾಸಾಗಬೇಕು, ಶೇ. 5ರದ್ದು ಶೇ. 10ಕ್ಕಿಂತ ಹೆಚ್ಚು ಪಾಸಾಗಬಾರದು ಎಂದರೆ 132 ತೆಗೆದು 3 ಬಿಡುವ ಯೋಜನೆ ಸಾಕಾಗುತ್ತದೆ: ಶೇ. 96 ಮತ್ತು ಸುಮಾರು ಶೇ. 10. ಆಸೆ ಇನ್ನೂ ಬೆಳೆದು ಕೆಳಗಿನ ಬಿಂದುವನ್ನು ಶೇ. 3ಕ್ಕೆ ತಂದರೆ ಮಾದರಿ 400ರ ಸುತ್ತ ಹೋಗುತ್ತದೆ. ಒಳ್ಳೆಯದನ್ನೂ ಕೆಟ್ಟದನ್ನೂ ಬೇರ್ಪಡಿಸುವ ಗೆರೆಗಳು ಹತ್ತಿರವಾದಷ್ಟು ತೊಟ್ಟಿಯ ಮುಂದೆ ನಿಲ್ಲುವ ಹೊತ್ತು ಬೆಳೆಯುತ್ತದೆ. ಎಷ್ಟು ಜನ, ಎಷ್ಟು ಹೊತ್ತು ಎಂದು ಕೇಳಿಕೊಂಡೇ ಆ ಬಿಂದುವನ್ನು ಇಡಬೇಕು.

ಬಿಗಿ ಮಾಡುತ್ತೇವೆಂದುಕೊಂಡು ಸಡಿಲ ಮಾಡುವ ಮೂರು ಬದಲಾವಣೆಗಳು

ದೋಷ ಸಿಕ್ಕಿದ ಮೇಲೆ ಗಾಬರಿಯಲ್ಲಿ ಮಾಡುವ ಬದಲಾವಣೆಗಳಿವು. "ಇನ್ನು ಮುಂದೆ ಒಂದೂ ಬಿಡಬಾರದು" ಎಂದು ಬಿಡುವ ಸಂಖ್ಯೆಯನ್ನು ಸೊನ್ನೆ ಮಾಡಿ, ಸಮಯ ಉಳಿಯಲೆಂದು ಮಾದರಿಯನ್ನು 13ಕ್ಕೆ ಇಳಿಸುವುದು ಮೊದಲನೆಯದು. ಎಕ್ಯೂಎಲ್ ಶೇ. 1ಕ್ಕೆ ಪಟ್ಟಿಯಲ್ಲಿ ಇರುವ ಸೊನ್ನೆಯ ಯೋಜನೆ ಇದೇ. ಕೇಳಲು ಕಠಿಣ. ಆದರೆ ಶೇ. 3ರ ಲಾಟ್ ಇದರಲ್ಲಿ ಶೇ. 67 ಸಲ ಪಾಸಾಗುತ್ತದೆ, 80ಕ್ಕೆ 2ರಲ್ಲಿ 57 ಇತ್ತು. ಶೇ. 5ರದ್ದು ಶೇ. 51 ಸಲ. ಅತ್ತ ಶೇ. 1ರ ಒಳ್ಳೆಯ ಲಾಟ್ ನೂರರಲ್ಲಿ 12 ಸಲ ಸುಮ್ಮನೆ ವಾಪಸ್ ಹೋಗುತ್ತದೆ. ಕೆಟ್ಟದ್ದಕ್ಕೆ ಬಾಗಿಲು ಅಗಲವಾಯಿತು, ಒಳ್ಳೆಯದಕ್ಕೆ ಕಿರಿದಾಯಿತು.

ಎರಡನೆಯದು "ಲಾಟ್‌ನ ಹತ್ತನೇ ಒಂದು ಭಾಗ ನೋಡೋಣ, ಒಂದೂ ಸೋರಬಾರದು" ಎಂಬ ನಿಯಮ. ಹತ್ತನೇ ಒಂದು ಭಾಗ ತೆಗೆದಾಗ ಪ್ರತಿ ಸೋರುವ ಟಿನ್ ತಪ್ಪಿಸಿಕೊಳ್ಳುವ ಸಂಭವ ಹತ್ತರಲ್ಲಿ ಒಂಬತ್ತು. 100 ಟಿನ್‌ನ ಸಣ್ಣ ಲಾಟ್‌ನಲ್ಲಿ ಶೇ. 2 ಎಂದರೆ ಎರಡು ಟಿನ್, ಎರಡೂ ತಪ್ಪಿಸಿಕೊಳ್ಳುವ ಸಂಭವ ಶೇ. 81. 1000ದ ಲಾಟ್‌ನಲ್ಲಿ ಇಪ್ಪತ್ತು ಟಿನ್, ಇಪ್ಪತ್ತೂ ತಪ್ಪಿಸಿಕೊಳ್ಳುವುದು ಶೇ. 12. ಒಂದೇ ಗುಣಮಟ್ಟದ ಸರಕು ಪಿಕಪ್‌ನಲ್ಲಿ ಬಂದರೆ ಪಾಸ್, ಲಾರಿಯಲ್ಲಿ ಬಂದರೆ ಫೇಲ್. ಮಾದರಿ ದೊಡ್ಡ ಲಾಟ್‌ನ ಎಷ್ಟನೇ ಭಾಗ ಎಂಬುದಕ್ಕಿಂತ ಮಾದರಿಯಲ್ಲಿ ಎಷ್ಟು ಟಿನ್ ಇವೆ ಎಂಬುದರಿಂದಲೇ ರಕ್ಷಣೆ ಬರುವುದು.

ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ, ಎಲ್ಲಕ್ಕಿಂತ ಕೆಟ್ಟದ್ದು: 3 ಸೋರಿತು ಎಂದಾಗ "ಇನ್ನೊಂದು 80 ತೆಗೆದು ನೋಡೋಣ". ಶೇ. 5 ಕೆಟ್ಟ ಲಾಟ್ ಮೊದಲ ಸಲ ಪಾಸಾಗುವ ಸಂಭವ 23. ಎರಡನೇ ಅವಕಾಶ ಕೊಟ್ಟರೆ 41, ಮೂರನೆಯದೂ ಕೊಟ್ಟರೆ 54. ವಾಪಸ್ ಕಳುಹಿಸಿದ ಲಾಟ್ ಮೂರು ದಿನ ಬಿಟ್ಟು ಹೊಸ ಚಲನ್‌ನಲ್ಲಿ ಹಾಗೆಯೇ ಬಂದರೂ ಲೆಕ್ಕ ಇದೇ. ವಾಪಸಾದ ಲಾಟ್‌ನ ಟಿನ್‌ಗಳಿಗೆ ಬಣ್ಣದ ಗುರುತು ಹಾಕಿ, ಒಂದೊಂದನ್ನೂ ಪರೀಕ್ಷಿಸಿ ವಿಂಗಡಿಸಿದ ಮೇಲೆಯೇ ಮತ್ತೆ ತೆಗೆದುಕೊಳ್ಳುವುದು ಎಂದು ಖರೀದಿ ಆದೇಶದಲ್ಲೇ ಬರೆಯಬೇಕು. ಅಂಥ ಮರುಸಲ್ಲಿಕೆಯನ್ನು ಬಿಗಿ–ಸಾಮಾನ್ಯ ಬದಲಾವಣೆಯ ಎಣಿಕೆಗೆ ಸೇರಿಸಬಾರದು. ಎರಡು ಸಲ ನೋಡಲೇಬೇಕೆಂದರೆ ಐಎಸ್ 2500ರಲ್ಲಿ ಎರಡು ಹಂತದ ಯೋಜನೆಗಳು ಬೇರೆಯೇ ಇವೆ. ಅಲ್ಲಿ ಎರಡನೇ ಸಲದ ನಿರ್ಧಾರಕ್ಕೆ ಮೊದಲ ಸಲದ ದೋಷಗಳನ್ನೂ ಕೂಡಿಸುತ್ತಾರೆ.

ವಾಪಸಾದ ಲಾಟ್‌ಗಳನ್ನು ಪೂರ್ತಿ ವಿಂಗಡಿಸಿದರೆ

ವಾಪಸಾದ ಪ್ರತಿ ಲಾಟ್ ನಿಜವಾಗಿಯೂ ಒಂದೊಂದಾಗಿ ಪರೀಕ್ಷೆಯಾಗಿ, ಸೋರುವುದಕ್ಕೆ ಬದಲಿ ಒಳ್ಳೆಯದು ಬಂದರೆ, 80ಕ್ಕೆ 2ರ ಯೋಜನೆಯಲ್ಲೂ ಒಳಗೆ ಹೋಗುವ ಸರಾಸರಿ ದೋಷ ದೀರ್ಘಾವಧಿಯಲ್ಲಿ ಶೇ. 1.6ನ್ನು ಮೀರುವುದಿಲ್ಲ. ಅತಿ ಕೆಟ್ಟ ಸ್ಥಿತಿ ಬರುವುದು ಪೂರೈಕೆಯ ದೋಷ ಶೇ. 2.8ರ ಸುತ್ತ ಇರುವಾಗ. ಅದಕ್ಕಿಂತ ಕೆಟ್ಟರೆ ಹೆಚ್ಚು ಲಾಟ್ ವಾಪಸಾಗಿ ವಿಂಗಡಣೆಗೆ ಹೋಗುವುದರಿಂದ ಒಳಬರುವ ದೋಷ ಮತ್ತೆ ಇಳಿಯುತ್ತದೆ. ನಮ್ಮ ಉದಾಹರಣೆಯ ಪೂರೈಕೆದಾರರು ಶೇ. 2.4ರಲ್ಲಿ, ಆ ಗುಡ್ಡದ ನೆತ್ತಿಯ ಹತ್ತಿರವೇ ಇದ್ದಾರೆ. ಈ ಅಂಕಿ ಸರಾಸರಿ ಮಾತ್ರ ಎಂಬುದು ನೆನಪಿರಲಿ, ಒಂದು ನಿರ್ದಿಷ್ಟ ಲಾಟ್‌ಗೆ ಅದು ಭರವಸೆ ಕೊಡುವುದಿಲ್ಲ.

ತಪಾಸಣೆಯ ಮಿತಿ

ಶೇ. 1.6 ಕೂಡ ಹೆಚ್ಚಾಯಿತು, ಪಣಂಬೂರಿನ ಬಂದರಿನಿಂದ ಹೊರಡುವ ಕಂಟೇನರ್‌ನಲ್ಲಿ ಸಾವಿರಕ್ಕೆ ಮೂರು ಸೋರಿದರೂ ದೂರು ಬರುತ್ತದೆ ಎಂದಾದರೆ ಮಾದರಿ ತಪಾಸಣೆ ಆ ಕೆಲಸಕ್ಕೆ ಬಾರದು. 1000ದಲ್ಲಿ 3 ಸೋರುವ ಟಿನ್ ಇದ್ದಾಗ 80ರ ಮಾದರಿಯಲ್ಲಿ ಒಂದೂ ಸಿಗದಿರುವ ಸಂಭವವೇ ಶೇ. 78. ಬಿಡುವ ಸಂಖ್ಯೆಯನ್ನು ಸೊನ್ನೆ ಮಾಡಿದರೂ ಐದರಲ್ಲಿ ನಾಲ್ಕು ಸಲದಷ್ಟು ಕಣ್ಣಿಗೆ ಬೀಳದೆ ಹೋಗುತ್ತದೆ. ಅಲ್ಲಿ ಬೇಕಾದದ್ದು ತಯಾರಿಸುವ ಕಡೆಯೇ ಪ್ರತಿ ಟಿನ್‌ಗೆ ಗಾಳಿಯ ಪರೀಕ್ಷೆ, ಮತ್ತು ತುಂಬಿದ ಮೇಲೆ ಬದಿ ಒಳಕ್ಕೆ ಎಳೆದುಕೊಂಡಿದೆಯೇ ಎಂದು ಪ್ರತಿ ಟಿನ್ ನೋಡಿಯೇ ಪೆಟ್ಟಿಗೆಗೆ ಹಾಕುವ ಕ್ರಮ. ಒಳಬರುವಾಗಿನ 80 ಟಿನ್ ಆಗ ಪೂರೈಕೆದಾರರ ಮಟ್ಟ ತಿಂಗಳಿಂದ ತಿಂಗಳಿಗೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಬರೆದಿಡುವುದಕ್ಕೆ ಉಳಿಯುತ್ತದೆ. ಅದಕ್ಕೂ ಟಿನ್‌ಗಳನ್ನು ಲಾರಿಯಿಂದ ಇಳಿಸುವಾಗಲೇ, ಪಟ್ಟಿಯ ಪ್ರಕಾರವೇ ತೆಗೆಯಬೇಕು.